ಬಲಕ್ಕೆ ತಿರುಗುವ ಬೆಲೆ: ಮ್ಯಾಪ್ ಆ್ಯಪ್ ದಾರಿ ಹುಡುಕುವ ಲೆಕ್ಕ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್ ಕಡೆಯಿಂದ ಮಂಗಳೂರಿಗೆ ಬರುವವರು ಕಡಲ ಬದಿಯ ಅಡ್ಡರಸ್ತೆಗೆ ಹೋಗಬೇಕಾದರೆ ಬಲಕ್ಕೆ ತಿರುಗಬೇಕು. ಅಂದರೆ ಎದುರಿನಿಂದ ಬರುವ ಬಸ್ಸು, ಟ್ಯಾಂಕರುಗಳ ಸಾಲನ್ನು ದಾಟಬೇಕು. ಗುಡ್ಡದ ಬದಿಯ ಅಡ್ಡರಸ್ತೆಯಾದರೆ ಎಡಕ್ಕೆ ಹೊರಳಿದರೆ ಮುಗಿಯಿತು. ಎರಡೂ ಅಡ್ಡರಸ್ತೆಗಳು ಹೆದ್ದಾರಿಯನ್ನು ಒಂದೇ ಕಡೆ ಸೇರಬಹುದು, ನಕ್ಷೆಯಲ್ಲಿ ಅಳೆದರೆ ದೂರದಲ್ಲಿ ವ್ಯತ್ಯಾಸವೇ ಇಲ್ಲದಿರಬಹುದು. ಸಂಜೆಯ ಹೊತ್ತಿಗೆ ಒಂದಕ್ಕೆ ಎರಡು ಸೆಕೆಂಡು ಸಾಕು, ಇನ್ನೊಂದಕ್ಕೆ ಒಂದು ನಿಮಿಷ ಕಾಯಬೇಕು.

ನಂತೂರು, ಕೆಪಿಟಿ, ಕೂಳೂರು, ಉಡುಪಿಯ ಅಂಬಲಪಾಡಿ, ಸಂತೆಕಟ್ಟೆ: ಇಂಥ ಹೆದ್ದಾರಿ ಜಂಕ್ಷನ್‌ಗಳಲ್ಲಿ ಕಾಮಗಾರಿ ನಡೆದಾಗಲೆಲ್ಲ ಡಿವೈಡರ್ ತೆರೆದಿರುವ ಜಾಗ ಬದಲಾಗುತ್ತದೆ. ನಿನ್ನೆ ಇದ್ದ ಬಲತಿರುವು ಇಂದು ಮುಚ್ಚಿರುತ್ತದೆ, ಯು-ಟರ್ನ್ ಮುಂದಕ್ಕೆ ಹೋಗಿರುತ್ತದೆ. ಮೊಬೈಲಿನ ಆ್ಯಪ್ ಮಾತ್ರ ಹಳೆಯ ಕಡೆಯೇ ತಿರುಗಿ ಅನ್ನುತ್ತದೆ, ಅಥವಾ ಹತ್ತು ನಿಮಿಷದ ದಾರಿ ಎಂದು ಹೇಳಿ ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ. ಇಂಥ ತಪ್ಪುಗಳಲ್ಲಿ ದೊಡ್ಡ ಪಾಲು ಹುಟ್ಟುವುದು ಜಂಕ್ಷನ್‌ನ ಲೆಕ್ಕದಲ್ಲಿ. ಆ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ಜಾರುತ್ತದೆ ಎಂಬುದನ್ನು ಒಂದು ಸಣ್ಣ ಉದಾಹರಣೆ ಹಿಡಿದು ನೋಡೋಣ.

ಆ್ಯಪ್‌ಗೆ ರಸ್ತೆಯೆಂದರೆ ಒಂದು ಜಾಲ. ರಸ್ತೆಗಳು ಕೂಡುವ ಬಿಂದು ನೋಡ್. ಎರಡು ನೋಡ್‌ಗಳ ನಡುವಿನ ತುಂಡು ಎಡ್ಜ್. ಎರಡೂ ದಿಕ್ಕಿಗೆ ವಾಹನ ಓಡುವ ರಸ್ತೆಯಾದರೆ ಹೋಗುವುದಕ್ಕೊಂದು, ಬರುವುದಕ್ಕೊಂದು, ಹೀಗೆ ಎರಡು ಎಡ್ಜ್. ಪ್ರತಿ ಎಡ್ಜ್‌ಗೂ ಒಂದು ತೂಕ ಇರುತ್ತದೆ. ಸಾಮಾನ್ಯವಾಗಿ ಆ ತೂಕ ಮೀಟರಿನಲ್ಲಿರುವುದಿಲ್ಲ, ಸೆಕೆಂಡಿನಲ್ಲಿರುತ್ತದೆ: ಉದ್ದವನ್ನು ವೇಗದಿಂದ ಭಾಗಿಸಿದರೆ ಬರುವ ಕಾಲ. ವೇಗ ಎಲ್ಲಿಂದ ಬರುತ್ತದೆ? ವಾಹನಗಳಿಂದ ಅಳೆದ ವೇಗ ಇದ್ದರೆ ಅದು, ಇಲ್ಲದಿದ್ದರೆ ರಸ್ತೆಯ ದರ್ಜೆಗೆ ಮೊದಲೇ ಗೊತ್ತುಮಾಡಿಟ್ಟ ವೇಗ. ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ಕೆಲಸ ಮಾಡುವ ಓಎಸ್‌ಆರ್‌ಎಂ ಎಂಬ ಮುಕ್ತ ತಂತ್ರಾಂಶದ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಅದನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದರ `car.lua` ಕಡತದಲ್ಲಿ `trunk` ದರ್ಜೆಯ ಹೆದ್ದಾರಿಗೆ ಗಂಟೆಗೆ 85 ಕಿ.ಮೀ., `residential` ದರ್ಜೆಯ ಮನೆಬೀದಿಗೆ 25 ಕಿ.ಮೀ. ಎಂದಿದೆ. 85ರ ಲೆಕ್ಕದಲ್ಲಿ ಒಂದು ಕಿಲೋಮೀಟರಿಗೆ 42 ಸೆಕೆಂಡು. ಪೇಟೆಯೊಳಗೆ ಹಾದುಹೋಗುವ ಹೆದ್ದಾರಿಯಲ್ಲಿ ವೇಗ ನಿಜಕ್ಕೂ 40 ಇದ್ದರೆ ಬೇಕಾಗುವುದು 90 ಸೆಕೆಂಡು. ಈ ಬಗೆಯ ತಪ್ಪು ದೊಡ್ಡದೇ. ಆದರೆ ವೇಗವನ್ನು ಅಳೆದು ತುಂಬಿಸಿದರೆ ಸರಿಹೋಗುತ್ತದೆ. ತಿರುವಿನ ತಪ್ಪು ಹಾಗೆ ಸುಲಭವಾಗಿ ಸರಿಹೋಗುವುದಿಲ್ಲ.

ಅತಿ ಕಡಿಮೆ ತೂಕದ ದಾರಿ ಹುಡುಕುವ ಮೂಲ ವಿಧಾನ ಎಡ್ಸ್ಗರ್ ಡೈಕ್ಸ್ಟ್ರಾ ಅವರದು. 1956ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಹೊಸ ಕಂಪ್ಯೂಟರಿನ ಪ್ರದರ್ಶನಕ್ಕೆಂದು ಅವರು ರೂಪಿಸಿದ ಲೆಕ್ಕ ಅದು, 1959ರಲ್ಲಿ ಪ್ರಕಟವಾಯಿತು. ಹೊರಟ ನೋಡ್‌ನಿಂದ ಶುರುಮಾಡಿ, ಈವರೆಗೆ ಕಂಡವುಗಳಲ್ಲಿ ಅತಿ ಕಡಿಮೆ ಕಾಲದಲ್ಲಿ ತಲುಪಬಹುದಾದ ನೋಡ್ ಅನ್ನು ಎತ್ತಿಕೊಳ್ಳುವುದು. ಅದರ ಕಾಲ ಇಷ್ಟೇ ಎಂದು ಖಾಯಂ ಮಾಡಿ, ಅಲ್ಲಿಂದ ಹೊರಡುವ ಎಡ್ಜ್‌ಗಳ ತೂಕ ಕೂಡಿಸಿ ನೆರೆಯ ನೋಡ್‌ಗಳ ಕಾಲವನ್ನು ತಿದ್ದುವುದು. ಗುರಿ ಬರುವವರೆಗೂ ಇದೇ ಕೆಲಸ. ಒಮ್ಮೆ ಖಾಯಂ ಮಾಡಿದ ನೋಡ್ ಅನ್ನು ಮತ್ತೆ ಮುಟ್ಟುವುದಿಲ್ಲ, ಈ ವಿಧಾನ ವೇಗವಾಗಿರುವುದೇ ಆ ನಿಯಮದಿಂದ. ಪ್ರದರ್ಶನಕ್ಕೆ ಅವರು ಬಳಸಿದ್ದು ನೆದರ್ಲೆಂಡ್ಸ್‌ನ 64 ಊರುಗಳ ಸರಳಗೊಳಿಸಿದ ನಕ್ಷೆ. ಊರಿಂದೂರಿಗೆ ಹೋಗುವ ಲೆಕ್ಕದಲ್ಲಿ ಊರೊಳಗೆ ಬಲಕ್ಕೆ ತಿರುಗಿದಿರೋ ಎಡಕ್ಕೋ ಎಂಬ ಪ್ರಶ್ನೆ ಏಳುವುದಿಲ್ಲ. ನಂತೂರಿನಂಥ ಜಾಗದಲ್ಲಿ ಏಳುತ್ತದೆ.

ನಂತೂರಿನಂಥ ಒಂದು ನಾಲ್ಕುರಸ್ತೆ ಇದೆ ಎಂದುಕೊಳ್ಳಿ, ಅದರ ಹೆಸರು 'ಖ' ಇರಲಿ. ನಕ್ಷೆ ಸರಳಗೊಳಿಸಿದ್ದು, ಸೆಕೆಂಡುಗಳು ಲೆಕ್ಕ ತೋರಿಸಲು ಹಿಡಿದವು. ಕಾರು ಉತ್ತರದಿಂದ ಹೆದ್ದಾರಿಯಲ್ಲಿ ಬರುತ್ತಿದೆ. ಮೊದಲು ಸಿಗುವ ಬಿಂದು 'ಕ'. ಅಲ್ಲಿಂದ ಹೆದ್ದಾರಿಯಲ್ಲೇ ನೇರ ಹೋದರೆ 60 ಸೆಕೆಂಡಿಗೆ 'ಖ' ಸಿಗುತ್ತದೆ. 'ಕ'ದಲ್ಲಿ ಎಡಕ್ಕೆ ಹೊರಳಿದರೆ ಒಂದು ಒಳರಸ್ತೆ. ಅದರಲ್ಲಿ 40 ಸೆಕೆಂಡು ಹೋದರೆ 'ಚ'. ಅಲ್ಲಿ ಬಲಕ್ಕೆ ತಿರುಗಿ ಇನ್ನು 40 ಸೆಕೆಂಡು ಹೋದರೆ ಅದೇ 'ಖ', ಆದರೆ ಈ ಸಲ ಮೂಡು ದಿಕ್ಕಿನಿಂದ ಬಂದಿರುತ್ತೇವೆ. ಗುರಿ ಇರುವುದು 'ಗ', 'ಖ'ದಿಂದ ಪಡುವಣಕ್ಕೆ 40 ಸೆಕೆಂಡಿನ ದಾರಿ.

ಇನ್ನು ತಿರುವುಗಳ ಬೆಲೆ. 'ಕ'ದಲ್ಲಿ ಎಡತಿರುವಿಗೆ 2 ಸೆಕೆಂಡು, ನೇರಕ್ಕೆ ಸೊನ್ನೆ. 'ಚ'ದಲ್ಲಿ ಬಲತಿರುವಿಗೆ 6. 'ಖ'ದಲ್ಲಿ ಹೆದ್ದಾರಿಯಿಂದ ಬಲಕ್ಕೆ ತಿರುಗಲು 55, ಒಳರಸ್ತೆಯಿಂದ ಬಂದು ನೇರ ದಾಟಲು 12. ಈ ಹೆಚ್ಚುವರಿ ಸೆಕೆಂಡುಗಳನ್ನೇ ಟರ್ನ್ ಪೆನಾಲ್ಟಿ ಅನ್ನುವುದು.

ಕೈಯಲ್ಲೇ ಕೂಡಿಸಿದರೆ ಹೆದ್ದಾರಿಯ ದಾರಿಗೆ 60, 55, 40 ಸೇರಿ 155 ಸೆಕೆಂಡು. ಒಳದಾರಿಗೆ 2, 40, 6, 40, 12, 40 ಸೇರಿ 140. ಒಳದಾರಿಯೇ 15 ಸೆಕೆಂಡು ಲೇಸು. ಈಗ ಡೈಕ್ಸ್ಟ್ರಾ ವಿಧಾನವನ್ನು ಮೊದಲು ಹೇಳಿದಂತೆಯೇ ನೋಡ್‌ಗಳ ಮೇಲೆ ನಡೆಸಿ, ತಿರುವಿನ ಬೆಲೆಯನ್ನು ಎಡ್ಜ್ ಬದಲಿಸುವಾಗ ಕೂಡಿಸುತ್ತ ಹೋಗಿ. 'ಖ' ತಲುಪಲು ಹೆದ್ದಾರಿಯಲ್ಲಿ 60 ಸೆಕೆಂಡು, ಒಳದಾರಿಯಲ್ಲಿ 88. 60 ಕಡಿಮೆ, ಆದ್ದರಿಂದ 'ಖ'ದ ಕಾಲ 60 ಎಂದು ಖಾಯಂ ಆಗುತ್ತದೆ. 88ರಲ್ಲಿ ಬಂದ ದಾರಿಯನ್ನು ಅಲ್ಲಿಗೇ ಬಿಟ್ಟುಬಿಡುತ್ತದೆ. ಮುಂದೆ 55 ಸೆಕೆಂಡಿನ ಬಲತಿರುವು ಎದುರಾದಾಗ ಹಿಂದಿರುಗಿ ನೋಡಲು ಏನೂ ಉಳಿದಿಲ್ಲ. ಉತ್ತರ 155 ಎಂದು ಬರುತ್ತದೆ. ಪ್ರತಿ ಸಂಖ್ಯೆಯೂ ಸರಿ ಇದ್ದು ದಾರಿ ತಪ್ಪು.

'ಖ'ದಲ್ಲಿ ಬಲತಿರುವನ್ನು ಪೂರ್ತಿ ನಿಷೇಧಿಸಿದರೆ ಇನ್ನೂ ಕೆಡುತ್ತದೆ. 60 ಸೆಕೆಂಡಿನಲ್ಲಿ ಬಂದದ್ದನ್ನು ಖಾಯಂ ಮಾಡಿದ ಮೇಲೆ ಅಲ್ಲಿಂದ 'ಗ'ಕ್ಕೆ ಹೋಗುವಂತಿಲ್ಲ. ಒಳದಾರಿಯಿಂದ ಸಲೀಸಾಗಿ ಹೋಗಬಹುದಾಗಿದ್ದರೂ ಆ್ಯಪ್ ದೂರದ ಸುತ್ತುದಾರಿ ತೋರಿಸುತ್ತದೆ, ಈ ಪುಟ್ಟ ನಕ್ಷೆಯಲ್ಲಾದರೆ ದಾರಿಯೇ ಇಲ್ಲ ಅನ್ನುತ್ತದೆ.

ಕಾರಣ ಸರಳ. ತಿರುವಿನ ಬೆಲೆ ಜಂಕ್ಷನ್‌ಗೆ ಸೇರಿದ್ದಲ್ಲ, ಯಾವುದೋ ಒಂದು ರಸ್ತೆಗೆ ಸೇರಿದ್ದೂ ಅಲ್ಲ. ಅದು ಬಂದ ರಸ್ತೆ, ಹೋಗುವ ರಸ್ತೆ ಎಂಬ ಜೋಡಿಗೆ ಸೇರಿದ್ದು. 'ಖ'ದಲ್ಲಿ ಇದ್ದೇನೆ ಎಂದಷ್ಟೇ ಹೇಳಿದರೆ ಮುಂದಿನ ಬೆಲೆ ಲೆಕ್ಕಹಾಕಲು ಮಾಹಿತಿ ಸಾಲದು. ಯಾವ ರಸ್ತೆಯಿಂದ ಬಂದು 'ಖ'ದಲ್ಲಿ ಇದ್ದೇನೆ ಎಂಬುದನ್ನೂ ಲೆಕ್ಕ ನೆನಪಿಟ್ಟುಕೊಳ್ಳಬೇಕು.

ಅದಕ್ಕಾಗಿ ಜಾಲವನ್ನೇ ತಿರುಗಿಸಿ ಕಟ್ಟುತ್ತಾರೆ. ರಸ್ತೆಯ ಪ್ರತಿ ತುಂಡು, ದಿಕ್ಕಿನ ಸಮೇತ, ಹೊಸ ಜಾಲದಲ್ಲಿ ಒಂದು ನೋಡ್ ಆಗುತ್ತದೆ. ಒಂದು ತುಂಡಿನಿಂದ ಇನ್ನೊಂದಕ್ಕೆ ತಿರುಗಲು ಅವಕಾಶವಿದ್ದರೆ ಆ ತಿರುವು ಒಂದು ಎಡ್ಜ್ ಆಗುತ್ತದೆ. ತಿರುವಿಗೆ ಅವಕಾಶವಿಲ್ಲದಿದ್ದರೆ ಆ ಎಡ್ಜ್ ಅನ್ನು ಕಟ್ಟುವುದೇ ಇಲ್ಲ, ನಿಷೇಧಕ್ಕೆ ಬೇರೆ ಏರ್ಪಾಡು ಬೇಡ. ತಿರುವಿನ ಪೆನಾಲ್ಟಿ ಮತ್ತು ಮುಂದಿನ ತುಂಡಿನ ಕಾಲ ಸೇರಿ ಹೊಸ ಎಡ್ಜ್‌ನ ತೂಕ. ಇದರ ಮೇಲೆ ಅದೇ ಹಳೆಯ ಡೈಕ್ಸ್ಟ್ರಾ ವಿಧಾನ ಯಾವ ಬದಲಾವಣೆಯೂ ಇಲ್ಲದೆ ನಡೆಯುತ್ತದೆ.

ನಮ್ಮ ಉದಾಹರಣೆಯಲ್ಲೇ ನಡೆಸಿ ನೋಡಿ. ಮೊದಲು ಸರತಿಗೆ ಬರುವುದು ಎರಡು: ಒಳರಸ್ತೆಯ ತುಂಡು ಕ–ಚ 42 ಸೆಕೆಂಡಿಗೆ, ಹೆದ್ದಾರಿಯ ತುಂಡು ಕ–ಖ 60 ಸೆಕೆಂಡಿಗೆ. 42 ಕಡಿಮೆ, ಅದನ್ನು ಎತ್ತಿಕೊಂಡರೆ ಚ–ಖ ಸರತಿಗೆ ಬರುತ್ತದೆ, 88 ಸೆಕೆಂಡಿಗೆ. ಮುಂದೆ 60ರ ಕ–ಖ. ಅದರಿಂದ ಬಲಕ್ಕೆ ತಿರುಗಿ ಖ–ಗ ಮುಗಿಸಲು 155 ಎಂದು ಬರೆದಿಟ್ಟುಕೊಳ್ಳುತ್ತದೆ, ಆದರೆ ಖಾಯಂ ಮಾಡುವುದಿಲ್ಲ, ಏಕೆಂದರೆ ಸರತಿಯಲ್ಲಿ 88 ಇನ್ನೂ ಇದೆ. ಈಗ 88ರ ಚ–ಖ. ಅದರಿಂದ ನೇರ ದಾಟಿ ಖ–ಗ ಮುಗಿಸಲು 140. 155 ಅಳಿಸಿ 140 ಆಗುತ್ತದೆ. ಕ–ಖ ಮತ್ತು ಚ–ಖ ಬೇರೆ ಬೇರೆ ನೋಡ್ ಆಗಿರುವುದರಿಂದ ಒಂದು ಇನ್ನೊಂದನ್ನು ಅಳಿಸಿಹಾಕಲಿಲ್ಲ, ಸರಿಯಾದ ದಾರಿ ಉಳಿದುಕೊಂಡಿತು.

ಇದಕ್ಕೆ ತೆರಬೇಕಾದದ್ದು ಜಾಗ. ಎರಡೂ ದಿಕ್ಕಿನ ನಾಲ್ಕು ರಸ್ತೆ ಸೇರುವ ಜಂಕ್ಷನ್ ಹಳೆಯ ಜಾಲದಲ್ಲಿ ಒಂದೇ ನೋಡ್. ಹೊಸದರಲ್ಲಿ ಒಳಬರುವ ನಾಲ್ಕು, ಹೊರಹೋಗುವ ನಾಲ್ಕು ತುಂಡುಗಳಿಂದ ಎಂಟು ನೋಡ್, ಯು-ಟರ್ನ್ ಬಿಟ್ಟು 12 ತಿರುವು, ಸೇರಿಸಿದರೆ 16. ದೊಡ್ಡ ದೊಡ್ಡ ರಾಜ್ಯಗಳ ನಕ್ಷೆಗೆ ಇದು ಮೆಮೊರಿಯ ಮೇಲೆ ಭಾರ ಹಾಕುತ್ತದೆ, ಆದರೂ ಇದನ್ನು ಬಿಟ್ಟು ಉಳಿತಾಯ ಮಾಡುವುದು ಸರಿಯಲ್ಲ. ಹಾಗೆ ಉಳಿಸಿದ ಜಾಗದ ಬೆಲೆಯನ್ನು ಡಿವೈಡರ್ ಇರುವ ಪ್ರತಿ ಹೆದ್ದಾರಿಯಲ್ಲೂ ಓಡಿಸುವವರು ತೆರುತ್ತಾರೆ.

ಪೆನಾಲ್ಟಿಯ ಸೆಕೆಂಡು ಎಲ್ಲಿಂದ ಬರುತ್ತದೆ ಎಂಬುದು ಮುಂದಿನ ಪ್ರಶ್ನೆ. ಅಳತೆ ಇಲ್ಲದಾಗ ಓಎಸ್‌ಆರ್‌ಎಂ ಕೋನದಿಂದ ಅಂದಾಜು ಮಾಡುತ್ತದೆ. ನೇರ ಹೋದರೆ ಹೆಚ್ಚುಕಡಿಮೆ ಸೊನ್ನೆ, ಕೋನ ಹೆಚ್ಚಿದಂತೆ ಏರುತ್ತ ಹೋಗಿ 7.5 ಸೆಕೆಂಡಿಗೆ ನಿಲ್ಲುವ ಒಂದು ವಕ್ರರೇಖೆ ಅದರಲ್ಲಿದೆ. ಎಡಬದಿ ಓಡಿಸುವ ದೇಶವೇ ಬಲಬದಿಯೇ ಎಂಬುದನ್ನು ನೋಡಿ ಅದನ್ನು ಒಂದು ಕಡೆಗೆ ವಾಲಿಸುತ್ತದೆ. ನಮ್ಮಲ್ಲಿ 90 ಡಿಗ್ರಿಯ ಎಡತಿರುವಿಗೆ ಸುಮಾರು 2.1 ಸೆಕೆಂಡು, ಅದೇ ಕೋನದ ಬಲತಿರುವಿಗೆ ಸುಮಾರು 5.4. ಸಿಗ್ನಲ್ ಇದ್ದರೆ 2 ಸೆಕೆಂಡು ಸೇರುತ್ತದೆ. ಯು-ಟರ್ನ್ ಆದರೆ 20 ಸೆಕೆಂಡು ಸೇರಿ ಒಟ್ಟು 27.5. ಎಡ-ಬಲದ ತಾರತಮ್ಯವನ್ನು ಇದು ಸರಿಯಾಗಿ ಹಿಡಿದಿದೆ. ಆದರೆ ಹೆದ್ದಾರಿಯಲ್ಲಿ ಎದುರಿನ ಸಾಲು ದಾಟುವ ಬಲತಿರುವಿಗೂ ಮನೆಬೀದಿಯ ಬಲತಿರುವಿಗೂ ಒಂದೇ ಬೆಲೆ ಹಾಕುತ್ತದೆ, ಅದಕ್ಕೆ ಕಾಣುವುದು ಕೋನ ಮಾತ್ರ.

ಮೂರನೆಯ ರಸ್ತೆ ಸೇರದ ಕಡೆ, ಅಂದರೆ ಬರೀ ಅಂಕುಡೊಂಕಿಗೆ, ಈ ಪೆನಾಲ್ಟಿ ಬೀಳುವುದಿಲ್ಲ. ಉಡುಪಿಯಿಂದ ತೀರ್ಥಹಳ್ಳಿಗೆ ಹೋಗುವವರು ಹತ್ತುವ ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳು ಎಷ್ಟೇ ಕಡಿದಾದರೂ ತಿರುವಿನ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿನ ನಿಧಾನವನ್ನು ಎಡ್ಜ್‌ನ ವೇಗದಲ್ಲೇ ಹೇಳಬೇಕು. ಇದಕ್ಕೊಂದು ವಿಚಿತ್ರ ಪರಿಣಾಮವೂ ಇದೆ. ತಿರುವಿನ ಮೂಲೆಯಲ್ಲಿ ಯಾರೋ ಒಂದು ಮನೆಯ ಗೇಟಿನ ದಾರಿಯನ್ನು ನಕ್ಷೆಗೆ ಸೇರಿಸಿದರೆ ಅಲ್ಲಿ ಮೂರು ರಸ್ತೆ ಕೂಡಿದಂತಾಗಿ ಅದೇ ಡೊಂಕಿಗೆ ಪೆನಾಲ್ಟಿ ಬೀಳಲು ಶುರುವಾಗುತ್ತದೆ. ರಸ್ತೆ ಬದಲಾಗಿಲ್ಲ, ನಕ್ಷೆಯ ವಿವರ ಹೆಚ್ಚಿತು, ಅಷ್ಟೆ.

ಡಿವೈಡರ್ ಇರುವ ರಸ್ತೆಯಲ್ಲಿ ಇದಕ್ಕಿಂತ ಗಂಭೀರವಾದ ತೊಡಕಿದೆ. ನಕ್ಷೆಯಲ್ಲಿ ಅಂಥ ಹೆದ್ದಾರಿಯನ್ನು ಎರಡು ಏಕಮುಖ ಗೆರೆಗಳಾಗಿ ಬರೆಯುತ್ತಾರೆ. ಡಿವೈಡರ್ ತೆರೆದಿರುವ ಕಡೆ ಎರಡನ್ನೂ ಕೂಡಿಸುವ ಒಂದು ಚಿಕ್ಕ ತುಂಡು. ಇಲ್ಲಿ ಕಾರು ಯು-ಟರ್ನ್ ತೆಗೆದುಕೊಂಡರೆ ತಂತ್ರಾಂಶಕ್ಕೆ ಅದು ಯು-ಟರ್ನ್ ಆಗಿ ಕಾಣುವುದೇ ಇಲ್ಲ. ಒಂದು ಬಲತಿರುವು, ಹತ್ತು-ಹದಿನೈದು ಮೀಟರಿನ ತುಂಡು, ಮತ್ತೊಂದು ಬಲತಿರುವು. 27.5 ಸೆಕೆಂಡು ಬೀಳಬೇಕಾದಲ್ಲಿ ಎರಡು ಸಲ 5.4, ಅಂದರೆ ಸುಮಾರು 11 ಸೆಕೆಂಡು ಬೀಳುತ್ತದೆ. ಬಂದರಿನ ಲಾರಿಗಳು ಎಡೆಬಿಡದೆ ಓಡುವ ಹೆದ್ದಾರಿಯಲ್ಲಿ ಆ್ಯಪ್ ಯು-ಟರ್ನನ್ನು ಅಷ್ಟು ಧಾರಾಳವಾಗಿ ಹೇಳುವುದಕ್ಕೆ ಇದೂ ಒಂದು ಕಾರಣ.

ನಿಷೇಧ ಹಾಕುವಾಗಲೂ ಈ ಚಿಕ್ಕ ತುಂಡೇ ಕಾಡುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಿರುವಿನ ನಿಷೇಧವನ್ನು ಹೀಗೆ ದಾಖಲಿಸುತ್ತಾರೆ:

```
type=restriction
restriction=no_u_turn
from = ಬರುವ ರಸ್ತೆ
via  = ನಡುವಿನ ತುಂಡು
to   = ಹೋಗುವ ರಸ್ತೆ
```

ಎದುರಿನ ಅಡ್ಡರಸ್ತೆಗೆ ಹೋಗಬಹುದು, ಹಿಂದಕ್ಕೆ ತಿರುಗುವಂತಿಲ್ಲ ಎಂದಿದ್ದರೆ `via` ಜಾಗದಲ್ಲಿ ನಡುವಿನ ತುಂಡನ್ನೇ ಕೊಡಬೇಕು. ಅವಸರದಲ್ಲಿ ಮೊದಲ ಬಿಂದುವನ್ನು `via` ಮಾಡಿ ಬಲತಿರುವು ನಿಷೇಧ ಎಂದು ಹಾಕಿದರೆ ಅಡ್ಡರಸ್ತೆಗೆ ಹೋಗುವ ದಾರಿಯೂ ಮುಚ್ಚಿಹೋಗುತ್ತದೆ, ಆ ಬದಿಯ ಮನೆಗಳಿಗೆಲ್ಲ ಆ್ಯಪ್ ಮುಂದಿನ ಡಿವೈಡರ್‌ವರೆಗೆ ಕಳಿಸುತ್ತದೆ. ತುಂಡನ್ನೇ `via` ಮಾಡಿದಾಗ ತಂತ್ರಾಂಶದ ಒಳಗೆ ಆ ತುಂಡಿನ ಇನ್ನೊಂದು ಪ್ರತಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ: ಹೆದ್ದಾರಿಯಿಂದ ಬಂದವರಿಗೆ ಒಂದು, ಅಡ್ಡರಸ್ತೆಯಿಂದ ಬಂದವರಿಗೆ ಒಂದು. ಮೂರು ರಸ್ತೆಗಳನ್ನು ಕೂಡಿಸಿ ನೆನಪಿಡಬೇಕಾದ ನಿಷೇಧಕ್ಕೆ ಜೋಡಿಯ ನೆನಪು ಸಾಲುವುದಿಲ್ಲ.

ಇನ್ನು ಅಳತೆಯಿಂದ ಬರುವ ಪೆನಾಲ್ಟಿ. ಓಡುವ ವಾಹನಗಳ ಜಿಪಿಎಸ್‌ನಿಂದ ರಸ್ತೆಯ ತುಂಡಿನ ಸರಾಸರಿ ಕಾಲ ತೆಗೆಯುವುದು ಸುಲಭ. ಹಾಗೆ ತೆಗೆದ ಸರಾಸರಿಯಲ್ಲಿ ನೇರ ಹೋದವರೂ ಬಲಕ್ಕೆ ತಿರುಗಿದವರೂ ಬೆರೆತಿರುತ್ತಾರೆ. 'ಖ'ಕ್ಕೆ ಹೆದ್ದಾರಿಯಿಂದ ಬಂದ 100 ವಾಹನಗಳಲ್ಲಿ 80 ನೇರ ಹೋಗಿ 12 ಸೆಕೆಂಡು ಕಾದವು, 20 ಬಲಕ್ಕೆ ತಿರುಗಿ 55 ಸೆಕೆಂಡು ಕಾದವು ಎನ್ನೋಣ. ಸರಾಸರಿ 20.6. ಇದನ್ನು ಎಡ್ಜ್‌ನ ತೂಕಕ್ಕೆ ಸೇರಿಸಿ ತಿರುವಿನ ಲೆಕ್ಕ ಬಿಟ್ಟರೆ ಹೆದ್ದಾರಿಯ ದಾರಿ 60, 20.6, 40 ಸೇರಿ ಸುಮಾರು 121 ಸೆಕೆಂಡು ಎಂದು ಕಾಣುತ್ತದೆ. ಒಳದಾರಿ 140. ಆ್ಯಪ್ ಹೆದ್ದಾರಿಯನ್ನೇ ಆರಿಸುತ್ತದೆ, ಕಾರು ತಲುಪುವುದು 155ಕ್ಕೆ. ಸರಾಸರಿ ಸರಿಯಾಗಿಯೇ ಇದೆ, ಆದರೆ ಬಲಕ್ಕೆ ತಿರುಗುವವರಲ್ಲಿ ಒಬ್ಬರಿಗೂ ಅದು ಹೊಂದುವುದಿಲ್ಲ.

ಸರಾಸರಿಯನ್ನು ಹಾಗೇ ಬಿಟ್ಟು ಮೇಲೆ 55ರ ಪೆನಾಲ್ಟಿಯನ್ನೂ ಹಾಕಿದರೆ ಕಾಯುವ ಕಾಲವನ್ನು ಎರಡು ಸಲ ಎಣಿಸಿದಂತಾಗುತ್ತದೆ, ಹೆದ್ದಾರಿಯ ದಾರಿ ಸುಮಾರು 176 ಆಗಿಬಿಡುತ್ತದೆ. ಆಗ 170 ಸೆಕೆಂಡಿನ ಯಾವುದೋ ಓಣಿಯೂ ಅದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಇಕ್ಕಟ್ಟಾದ ಏರುಓಣಿಗಳಿಗೆ ಕಾರುಗಳನ್ನು ನುಗ್ಗಿಸುವ ಆ್ಯಪ್‌ಗಳ ವಿಷಯದಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಸರಿಯಾದ ಕ್ರಮ ಜೋಡಿಯನ್ನೇ ಅಳೆಯುವುದು. ಒಳಬರುವ ರಸ್ತೆಯಲ್ಲಿ ವಾಹನಗಳ ಸಾಲಿನ ಬಾಲ ಮುಟ್ಟದಷ್ಟು ಹಿಂದೆ ಒಂದು ಬಿಂದು, ಹೊರಹೋಗುವ ರಸ್ತೆಯಲ್ಲಿ ವೇಗ ಹಿಡಿದ ಮೇಲೆ ಒಂದು ಬಿಂದು. ಆ ಎರಡರ ನಡುವಿನ ಕಾಲದಿಂದ ತಡೆಯಿಲ್ಲದೆ ಓಡಿದರೆ ಬೇಕಾಗುವ ಕಾಲವನ್ನು ಕಳೆದರೆ ಉಳಿಯುವುದು ಪೆನಾಲ್ಟಿ. ನೇರಕ್ಕೆ, ಎಡಕ್ಕೆ, ಬಲಕ್ಕೆ ಬೇರೆ ಬೇರೆಯಾಗಿ, ಬೆಳಗ್ಗೆಗೂ ಸಂಜೆಗೂ ಬೇರೆ ಬೇರೆಯಾಗಿ ತೆಗೆಯಬೇಕು. ಸಾಲು ಹಿಂದಿನ ಜಂಕ್ಷನ್‌ವರೆಗೂ ಬೆಳೆಯುವ ಹೊತ್ತಿನಲ್ಲಿ ಈ ಅಳತೆ ಕೈಕೊಡುತ್ತದೆ, ಕಾದದ್ದು ಯಾವ ಜಂಕ್ಷನ್‌ಗೆ ಎಂದು ಬಿಡಿಸಲಾಗದು. ಸರ್ವಿಸ್ ರೋಡ್ ಪಕ್ಕದಲ್ಲೇ ಇದ್ದರೂ ಎಚ್ಚರ ಬೇಕು. ಮೊಬೈಲಿನ ಜಿಪಿಎಸ್ ತೆರೆದ ಆಕಾಶದಡಿಯಲ್ಲೂ ಸುಮಾರು 5 ಮೀಟರ್ ಆಚೀಚೆ ಹೇಳುತ್ತದೆ. ಸರ್ವಿಸ್ ರೋಡಿನ ಸ್ಕೂಟರನ್ನು ಹೆದ್ದಾರಿಗೆ ಹಚ್ಚಿಬಿಡಲು ಅಷ್ಟು ಸಾಕು.

ಅಳೆದದ್ದನ್ನು ಓಎಸ್‌ಆರ್‌ಎಂಗೆ ಕೊಡಲು ಒಂದು ಸಾದಾ ಕಡತ ಸಾಕು. ಪ್ರತಿ ಸಾಲಿನಲ್ಲಿ ಜಂಕ್ಷನ್‌ಗೆ ಮುಂಚಿನ ನೋಡ್, ಜಂಕ್ಷನ್‌ನ ನೋಡ್, ನಂತರದ ನೋಡ್, ಕೊನೆಗೆ ಸೆಕೆಂಡು:

```
101,202,303,55
```

ಇಲ್ಲಿ 101, 202, 303 ಎಂದಿರುವುದು ಮಾದರಿಗೆ, ಅಲ್ಲಿ ಆಯಾ ನೋಡ್‌ನ ನಕ್ಷೆಯ ಸಂಖ್ಯೆ ಬರಬೇಕು. ರಸ್ತೆಯ ಸಂಖ್ಯೆ ಕೊಟ್ಟರೆ ಆಗದು. ನಕ್ಷೆಯನ್ನು `osrm-extract` ಮತ್ತು `osrm-partition` ದಾಟಿಸಿದ ಮೇಲೆ ಇದನ್ನು ಸೇರಿಸಬೇಕು:

```
osrm-customize map.osrm --turn-penalty-file turns.csv
```

ಕೊಟ್ಟ ಸಂಖ್ಯೆ ಕೋನದಿಂದ ಬಂದ ಅಂದಾಜಿನ ಜಾಗದಲ್ಲಿ ಕೂರುತ್ತದೆ. ಸಂಜೆಗೆ ಬೇರೆ ಕಡತ ಬೇಕಾದರೆ ಈ ಕೊನೆಯ ಹಂತವನ್ನಷ್ಟೇ ಮತ್ತೆ ನಡೆಸಿದರೆ ಆಯಿತು, ಮೊದಲಿನ ಎರಡನ್ನು ಮುಟ್ಟಬೇಕಿಲ್ಲ. ಆದರೆ ಬಲತಿರುವನ್ನು ಶಾಶ್ವತವಾಗಿ ಮುಚ್ಚಿದಾಗ ದೊಡ್ಡ ಪೆನಾಲ್ಟಿ ಹಾಕಿ ಸುಮ್ಮನಾಗುವುದು ಒಳ್ಳೆಯದಲ್ಲ. ಬೇರೆ ದಾರಿ ಅದಕ್ಕಿಂತಲೂ ದುಬಾರಿಯಾದ ದಿನ ಆ್ಯಪ್ ಮುಚ್ಚಿದ ಡಿವೈಡರ್‌ಗೇ ಕಳಿಸುತ್ತದೆ. ಅಲ್ಲಿ ನಕ್ಷೆಯಲ್ಲೇ ನಿಷೇಧ ಹಾಕಿ ಜಾಲವನ್ನು ಮೊದಲಿಂದ ಕಟ್ಟಬೇಕು.

ಪೆನಾಲ್ಟಿ ಬಿದ್ದಿದೆಯೇ ಎಂದು ತಿಳಿಯಲು ಒಂದು ನೇರ ಪರೀಕ್ಷೆ ಇದೆ. ದಾರಿ ಕೇಳುವಾಗ `annotations=true` ಎಂದು ಸೇರಿಸಿದರೆ ಪ್ರತಿ ತುಂಡಿನ ಕಾಲ ಬೇರೆಯಾಗಿ ಬರುತ್ತದೆ, ಆ ಕಾಲದಲ್ಲಿ ತಿರುವಿನ ಸೆಕೆಂಡು ಸೇರಿರುವುದಿಲ್ಲ. ಒಟ್ಟು `duration`ನಿಂದ ಆ ತುಂಡುಗಳ ಮೊತ್ತ ಕಳೆದರೆ ಉಳಿಯುವುದಷ್ಟೂ ತಿರುವುಗಳದು. ನಮ್ಮ ಹೆದ್ದಾರಿಯ ದಾರಿಗೆ 155ರಲ್ಲಿ 100 ಕಳೆದು 55 ಬರಬೇಕು. 5ರ ಆಸುಪಾಸು ಬಂದರೆ ಕಡತದ ಸಾಲು ನಕ್ಷೆಯ ಯಾವ ತಿರುವಿಗೂ ಹೊಂದಿಲ್ಲ, ಲೆಕ್ಕ ಇನ್ನೂ ಕೋನದಿಂದಲೇ ನಡೆಯುತ್ತಿದೆ ಎಂದು ತಿಳಿಯಬೇಕು. ಇದು ಹೆಚ್ಚಾಗಿ ಆಗುವುದು ಜಂಕ್ಷನ್‌ಗೆ ಮುಂಚೆ ಯಾರಾದರೂ ನಕ್ಷೆಯಲ್ಲಿ ಹೊಸ ಬಿಂದು ಸೇರಿಸಿದಾಗ: ಜಂಕ್ಷನ್‌ಗೆ ತಾಗಿದ ನೋಡ್ ಈಗ 101 ಅಲ್ಲ, ಬೇರೆ ಯಾವುದೋ.